ಕೈತಪ್ಪಿದ ಏಜೆನ್ಸಿ, ಕೈಸೇರಿದ ಹಣ

1964ರಲ್ಲಿ ಸುಪ್ರೀಂ ಕೋರ್ಟು ಕಲ್ಕತ್ತೆಯ ಎರಡು ಹಳೆಯ ಕಂಪನಿಗಳ ತೆರಿಗೆ ತಕರಾರುಗಳನ್ನು ಇತ್ಯರ್ಥ ಮಾಡಿತು. ಮೇಲ್ನೋಟಕ್ಕೆ ಎರಡರ ಕತೆಯೂ ಒಂದೇ. ಎರಡೂ ಹಲವು ಏಜೆನ್ಸಿಗಳನ್ನು ಇಟ್ಟುಕೊಂಡಿದ್ದವು. ಎರಡಕ್ಕೂ ಅವುಗಳಲ್ಲೊಂದು ಕೈತಪ್ಪಿತು, ಎರಡಕ್ಕೂ ಅದರ ಬದಲಿಗೆ ಪರಿಹಾರ ಸಿಕ್ಕಿತು. ಕೆಟಲ್‌ವೆಲ್ ಬುಲ್ಲನ್ ಕಂಪನಿಗೆ ಬಂದ ಹಣಕ್ಕೆ ತೆರಿಗೆ ಇಲ್ಲ ಎಂದಿತು ಕೋರ್ಟು. ಗಿಲ್ಯಾಂಡರ್ಸ್ ಅರ್ಬತ್‌ನಾಟ್ ಕಂಪನಿಗೆ ಬಂದ ಹಣಕ್ಕೆ ತೆರಿಗೆ ಕಟ್ಟಲೇಬೇಕು ಎಂದಿತು. ಎರಡು ತೀರ್ಪುಗಳೂ ಐಟಿಆರ್ ವರದಿಗಳ 53ನೇ ಸಂಪುಟದಲ್ಲೇ ಇವೆ: ಒಂದು 261ನೇ ಪುಟದಲ್ಲಿ ಶುರುವಾದರೆ ಇನ್ನೊಂದು 283ರಲ್ಲಿ. ಆದಾಯ ತೆರಿಗೆ ಓದುವ ವಿದ್ಯಾರ್ಥಿಗಳು ಇವನ್ನು ಜೋಡಿಯಾಗಿಯೇ ಓದುತ್ತಾರೆ, ಪರೀಕ್ಷೆಯಲ್ಲಿ ಅದಲುಬದಲು ಮಾಡಿ ಬರೆಯುವುದೂ ಉಂಟು.

ಈ ಎರಡು ಹಣಗಳ ನಡುವಿನ ವ್ಯತ್ಯಾಸವನ್ನೇ ಲೆಕ್ಕಶಾಸ್ತ್ರದವರು ಬಂಡವಾಳ ಸ್ವೀಕೃತಿ, ರಾಜಸ್ವ ಸ್ವೀಕೃತಿ ಎಂದು ಕರೆಯುವುದು. ಬಜೆಟ್ ಭಾಷಣದಲ್ಲೂ ಇವೇ ಹೆಸರು ಕೇಳಿಬರುತ್ತವೆ, ಆದರೆ ಅಲ್ಲಿ ಸರ್ಕಾರ ಎತ್ತಿದ ಸಾಲ ಮತ್ತು ವಸೂಲು ಮಾಡಿದ ತೆರಿಗೆಯ ಮಾತು. ನಮಗೆ ಬೇಕಾದದ್ದು ವ್ಯಾಪಾರಿಯ ಕೈಗೆ ಬರುವ ದುಡ್ಡು. ಅಂಗಡಿಯಲ್ಲಿ ಮಾಲು ಮಾರಿ ಬಂದದ್ದು ರಾಜಸ್ವ. ಅಂಗಡಿಯ ಕಟ್ಟಡವನ್ನೇ ಮಾರಿದರೆ ಬಂದದ್ದು ಬಂಡವಾಳ. ಇಷ್ಟರವರೆಗೆ ಯಾರಿಗೂ ಗೊಂದಲವಿಲ್ಲ. ವ್ಯಾಪಾರಿ ಏನನ್ನೂ ಮಾರದೆ, ಅವನ ಒಪ್ಪಂದವನ್ನು ಎದುರಿನವರು ಅರ್ಧಕ್ಕೇ ಮುರಿದು, ಅದಕ್ಕಾಗಿ ಒಂದು ಚೆಕ್ ಕೊಟ್ಟಾಗ ಗೊಂದಲ ಶುರುವಾಗುತ್ತದೆ. ಆ ಚೆಕ್ಕು ಮುಂದೆ ಬರಬೇಕಿದ್ದ ಲಾಭದ ಬದಲಿಗೆ ಬಂದದ್ದೋ, ಲಾಭ ತಂದುಕೊಡುತ್ತಿದ್ದ ಆಸ್ತಿಯ ಬದಲಿಗೆ ಬಂದದ್ದೋ? ಚೆಕ್ಕನ್ನು ಹಿಂದುಮುಂದು ತಿರುಗಿಸಿ ನೋಡಿದರೆ ಉತ್ತರ ಸಿಗುವುದಿಲ್ಲ.

ಈ ಜಗಳಕ್ಕೆ ನಮ್ಮಲ್ಲಿ ತೊಂಬತ್ತು ವರ್ಷ ದಾಟಿದೆ. ಶಾ ವ್ಯಾಲೇಸ್ ಕಂಪನಿ ಬರ್ಮಾ ಆಯಿಲ್ ಮತ್ತು ಆಂಗ್ಲೋ-ಪರ್ಷಿಯನ್ ಆಯಿಲ್ ಎಂಬ ಎರಡು ಎಣ್ಣೆ ಕಂಪನಿಗಳಿಗೆ ಭಾರತದಲ್ಲಿ ವಿತರಕನಾಗಿತ್ತು. 1920ರ ದಶಕದ ಕೊನೆಯಲ್ಲಿ ಆ ಏಜೆನ್ಸಿಗಳು ಮುಗಿದವು. ಬರ್ಮಾ ಆಯಿಲ್ ₹12 ಲಕ್ಷ ಕೊಟ್ಟಿತು, ಆಂಗ್ಲೋ-ಪರ್ಷಿಯನ್ ₹3.25 ಲಕ್ಷ ಕೊಟ್ಟಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಇಲಾಖೆ ತೆರಿಗೆ ಕೇಳಿತು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1932ರಲ್ಲಿ ತೀರ್ಪು ಬರೆದ ಸರ್ ಜಾರ್ಜ್ ಲೌಂಡ್ಸ್ ಆದಾಯವನ್ನು ಮರದ ಹಣ್ಣಿಗೆ, ಹೊಲದ ಬೆಳೆಗೆ ಹೋಲಿಸಿದರು. ಒಂದು ಗೊತ್ತಾದ ಮೂಲದಿಂದ ಕಾಲಕಾಲಕ್ಕೆ ಬರುವುದು ಆದಾಯ. ಇಲ್ಲಿ ಮೂಲವೇ ಹೋಗಿದೆ, ಹಾಗಾಗಿ ಬಂದ ಹಣ ಆದಾಯವಲ್ಲ ಎಂದರು. ಶಾ ವ್ಯಾಲೇಸ್ ತೆರಿಗೆಯಿಂದ ಪಾರಾಯಿತು.

ಹೋಲಿಕೆ ಚೆಂದವಾಗಿದೆ. ಆದರೆ ಅದನ್ನೇ ಕಾನೂನು ಎಂದುಕೊಂಡರೆ ತೊಂದರೆ. ಆದಾಯ ಎಂದರೆ ಕಾಲಕಾಲಕ್ಕೆ ಬರುವುದು ಮಾತ್ರ ಎಂಬ ಅರ್ಥವನ್ನು ಸುಪ್ರೀಂ ಕೋರ್ಟು 1954ರ ನವೀನ್‌ಚಂದ್ರ ಮಫತ್‌ಲಾಲ್ ಪ್ರಕರಣದಲ್ಲಿ ಒಪ್ಪಲಿಲ್ಲ. ಸಂವಿಧಾನದ ಮಟ್ಟದಲ್ಲಿ ಆದಾಯ ಎಂಬುದರ ಹರವು ದೊಡ್ಡದು, ಆಸ್ತಿ ಮಾರಿ ಬಂದ ಲಾಭವನ್ನೂ ಅದರೊಳಗೆ ತರಬಹುದು ಎಂದಿತು. ಅಂದರೆ ಬಂಡವಾಳ ಸ್ವೀಕೃತಿಗೆ ತೆರಿಗೆ ಹಾಕಲು ಸಂಸತ್ತಿಗೆ ಅಧಿಕಾರವಿದೆ. ಹಾಕುವುದಾದರೆ ಕಾಯ್ದೆಯಲ್ಲಿ ಬಿಡಿಸಿ ಬರೆಯಬೇಕು. ಬರೆಯದಿದ್ದರೆ ಬಂಡವಾಳ ಸ್ವೀಕೃತಿ ತೆರಿಗೆಯ ಹೊರಗೇ ಉಳಿಯುತ್ತದೆ. ಮುಂದಿನ ಕತೆಯೆಲ್ಲ ಈ 'ಬರೆದಿದೆಯೋ ಇಲ್ಲವೋ' ಎಂಬುದರ ಸುತ್ತಲೇ ಇದೆ.

ಈಗ ಕಲ್ಕತ್ತೆಯ ಜೋಡಿಗೆ ಬರೋಣ. ಕೆಟಲ್‌ವೆಲ್ ಬುಲ್ಲನ್ ಮ್ಯಾನೇಜಿಂಗ್ ಏಜೆನ್ಸಿ ಕಂಪನಿ. ಇಂದಿನ ಓದುಗರಿಗೆ ಈ ಪದ್ಧತಿ ಅಪರಿಚಿತ. ಗಿರಣಿಯೋ ಗಣಿಯೋ ಷೇರುದಾರರ ಹೆಸರಿನಲ್ಲಿರುತ್ತಿತ್ತು, ಆದರೆ ಅದನ್ನು ದಿನನಿತ್ಯ ನಡೆಸುವ ಅಧಿಕಾರ ಒಪ್ಪಂದದ ಮೂಲಕ ಇನ್ನೊಂದು ಸಂಸ್ಥೆಗೆ ಸಿಗುತ್ತಿತ್ತು. ನಡೆಸಿದವರಿಗೆ ಲಾಭದಲ್ಲಿ ಕಮಿಷನ್. ಒಮ್ಮೆ ಈ ಹಿಡಿತ ಸಿಕ್ಕಿದರೆ ವರ್ಷಾನುಗಟ್ಟಲೆ ಉಳಿಯುತ್ತಿತ್ತು. ಬ್ರಿಟಿಷರ ಕಾಲದಿಂದ ಬಂದ ಈ ಪದ್ಧತಿಯನ್ನು 1970ರ ಏಪ್ರಿಲ್ 3ರಿಂದ ಕಾನೂನೇ ರದ್ದು ಮಾಡಿತು.

ಕೆಟಲ್‌ವೆಲ್ ಬುಲ್ಲನ್ ಕೈಯಲ್ಲಿ ಇಂಥ ಆರು ಮ್ಯಾನೇಜಿಂಗ್ ಏಜೆನ್ಸಿಗಳಿದ್ದವು. ಅವುಗಳಲ್ಲೊಂದು ಫೋರ್ಟ್ ವಿಲಿಯಂ ಸೆಣಬು ಗಿರಣಿಯದು. 1952ರಲ್ಲಿ ಮುಗ್ನೀರಾಮ್ ಬಾಂಗುರ್ ಸಂಸ್ಥೆಯವರು ಆ ಗಿರಣಿಯನ್ನು ತಮ್ಮ ಕೈಗೆ ತೆಗೆದುಕೊಳ್ಳಲು ಮುಂದೆ ಬಂದರು. ಕೆಟಲ್‌ವೆಲ್ ಬುಲ್ಲನ್ ಬಳಿಯಿದ್ದ ಗಿರಣಿಯ ಷೇರುಗಳನ್ನು ಅವರು ಕೊಳ್ಳುವುದು, ಏಜೆನ್ಸಿ ಬಿಟ್ಟುಕೊಟ್ಟದ್ದಕ್ಕೆ ಗಿರಣಿಯಿಂದ ₹3,50,000 ಕೊಡಿಸುವುದು ಎಂದು ಮಾತಾಯಿತು. ಈ ಮೂರೂವರೆ ಲಕ್ಷ ವ್ಯಾಪಾರದ ವರಮಾನ ಎಂದು ಹೈಕೋರ್ಟು ಹೇಳಿತು. ಸುಪ್ರೀಂ ಕೋರ್ಟಿನಲ್ಲಿ ಅದು ತಿರುಗಿಬಿತ್ತು.

ಇಲಾಖೆಯ ಕಡೆಯ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದೇನೂ ಆಗಿರಲಿಲ್ಲ. ಆರರಲ್ಲಿ ಒಂದು ಹೋಗಿದೆ, ಐದು ಉಳಿದಿವೆ, ಕಂಪನಿ ಮುಂಚಿನಂತೆ ನಡೆಯುತ್ತಿದೆ, ಹಾಗಿದ್ದಮೇಲೆ ವ್ಯಾಪಾರದ ಬುಡಕ್ಕೆ ಏನು ಪೆಟ್ಟು ಬಿತ್ತು ಎಂಬುದು ಆ ವಾದ. ಕೋರ್ಟು ಎಣಿಕೆಗೆ ಹೋಗಲಿಲ್ಲ, ಹೋದದ್ದು ಯಾವ ಜಾತಿಯ ವಸ್ತು ಎಂದು ಕೇಳಿತು. ಮ್ಯಾನೇಜಿಂಗ್ ಏಜೆನ್ಸಿ ಎಂಬುದು ಕಂಪನಿ ದಿನಬೆಳಗಾದರೆ ಮಾಡಿಕೊಳ್ಳುವ ವ್ಯವಹಾರದ ಕರಾರಲ್ಲ. ಕಂಪನಿ ಏಜೆನ್ಸಿಗಳನ್ನು ಕೊಂಡು ಮಾರುವ ವ್ಯಾಪಾರ ಮಾಡುತ್ತಿರಲಿಲ್ಲ. ಏಜೆನ್ಸಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಮೂಲಕ ದುಡಿಯುತ್ತಿತ್ತು. ಆದ್ದರಿಂದ ಆರರಲ್ಲಿ ಒಂದೇ ಹೋಗಿದ್ದರೂ, ಹೋದದ್ದು ಬಾಳಿಕೆ ಬರುವ ಆಸ್ತಿಯೇ. ಅದರ ಬದಲಿಗೆ ಬಂದದ್ದು ಬಂಡವಾಳ.

ಗಿಲ್ಯಾಂಡರ್ಸ್ ಅರ್ಬತ್‌ನಾಟ್ ಇನ್ನೂ ದೊಡ್ಡ, ಇನ್ನೂ ಹಳೆಯ ಮನೆತನ. ಹತ್ತಾರು ಬಗೆಯ ವ್ಯವಹಾರಗಳಿದ್ದ ಆ ಕಂಪನಿ, ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನವರ ಸ್ಫೋಟಕಗಳನ್ನು ಭಾರತದಲ್ಲಿ ಬಹುಕಾಲದಿಂದ ಮಾರಿಕೊಡುತ್ತಿತ್ತು. ಆ ವಿದೇಶಿ ಕಂಪನಿ ಏಜೆನ್ಸಿಯನ್ನು ನಿಲ್ಲಿಸಿತು. ಪರಿಹಾರಕ್ಕೆ ಒಂದು ಸೂತ್ರ ಹಾಕಿತು: ಮುಂದಿನ ಮೂರು ವರ್ಷ ಆ ಪ್ರದೇಶದಲ್ಲಿ ಆಗುವ ಮಾರಾಟಕ್ಕೆ ಹಳೆಯ ದರದಲ್ಲಿ ಕಮಿಷನ್ ಲೆಕ್ಕ ಹಾಕಿ, ಅದರ ಐದರಲ್ಲಿ ಎರಡು ಪಾಲು ಕೊಡುವುದು, ಮೂರನೆಯ ವರ್ಷ ಇನ್ನಷ್ಟು ಸೇರಿಸುವುದು. ಕೋರ್ಟು ಇದನ್ನು ವ್ಯಾಪಾರದ ವರಮಾನ ಎಂದಿತು. ಕಾರಣ ಸರಳ. ಇಂಥ ಮಾರಾಟದ ಏಜೆನ್ಸಿಗಳು ಬರುವುದು, ಹೋಗುವುದು ಆ ಕಂಪನಿಯ ವ್ಯವಹಾರದಲ್ಲಿ ಎಂದಿನ ಸಂಗತಿ. ಒಂದು ಹೋದದ್ದರಿಂದ ಅದರ ವ್ಯಾಪಾರದ ಕಟ್ಟು ಸಡಿಲವಾಗಲಿಲ್ಲ. ಕಚೇರಿ, ಜನ, ಉಳಿದ ಏಜೆನ್ಸಿಗಳು ಎಲ್ಲವೂ ಇದ್ದಂತೆಯೇ ಇದ್ದವು.

ಈ ಜೋಡಿಯಿಂದ ಹೊರಬಂದ ನಿಯಮವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಪ್ಪಂದ ಮುರಿದರೂ ವ್ಯಾಪಾರದ ಚೌಕಟ್ಟು ಹಾಗೇ ಇದ್ದು, ಇಂಥ ಮುರಿತ ಆ ಕಸುಬಿನಲ್ಲಿ ಆಗಾಗ ಆಗುವಂಥದ್ದಾಗಿದ್ದು, ವ್ಯಾಪಾರಿ ತನ್ನ ಕಸುಬನ್ನು ಮುಂದುವರಿಸಲು ಅಡ್ಡಿಯಿಲ್ಲದಿದ್ದರೆ, ಪರಿಹಾರ ರಾಜಸ್ವ. ಮುರಿತದಿಂದ ಚೌಕಟ್ಟಿಗೇ ಪೆಟ್ಟು ಬಿದ್ದರೆ, ಅಥವಾ ವರಮಾನದ ಮೂಲವೇ ಹೋದರೆ, ಪರಿಹಾರ ಬಂಡವಾಳ. ಗೆರೆ ಸ್ಪಷ್ಟವಾಗಿದೆ ಎಂದು ತೀರ್ಪುಗಳು ಹೇಳುವಾಗ ಸ್ವಲ್ಪ ಅನುಮಾನದಿಂದಲೇ ಓದಬೇಕು. ಎರಡೂ ಕಂಪನಿಗಳಿಗೆ ಬೇರೆ ಏಜೆನ್ಸಿಗಳು ಉಳಿದಿದ್ದವು, ಎರಡೂ ಮಾರನೆಯ ದಿನ ಬಾಗಿಲು ತೆರೆದವು. ಗಿರಣಿ ನಡೆಸುವ ಹಕ್ಕು ಆಸ್ತಿ, ಸ್ಫೋಟಕ ಮಾರುವ ಹಕ್ಕು ವ್ಯವಹಾರ ಎಂಬ ತಿಳಿವಳಿಕೆಯೇ ಇಲ್ಲಿ ತಕ್ಕಡಿಯನ್ನು ವಾಲಿಸಿದ್ದು.

ಇನ್ನೊಂದು ತುದಿಯ ಉದಾಹರಣೆಯಲ್ಲಿ ಅನುಮಾನಕ್ಕೆ ಜಾಗವಿಲ್ಲ. ಜೈರಾಮ್ ವಾಲ್ಜಿ ಪ್ರಕರಣದಲ್ಲಿ ಒಬ್ಬ ಗುತ್ತಿಗೆದಾರ ಕಬ್ಬಿಣದ ಕಾರ್ಖಾನೆಗೆ ಸುಣ್ಣಕಲ್ಲು ಮತ್ತು ಡಾಲಮೈಟ್ ಪೂರೈಸುವ ಒಪ್ಪಂದ ಮಾಡಿಕೊಂಡಿದ್ದರು. ಅದನ್ನು ರದ್ದು ಮಾಡಿದ್ದಕ್ಕೆ ₹2,50,000 ಸಿಕ್ಕಿತು. 1959ರಲ್ಲಿ ಸುಪ್ರೀಂ ಕೋರ್ಟು ಇದು ರಾಜಸ್ವ ಎಂದಿತು. ಕಲ್ಲು ಪೂರೈಸುವುದೇ ಕಸುಬಾದವನಿಗೆ ಕಲ್ಲಿನ ಕರಾರು ಎಂಬುದು ದುಡಿಮೆಯ ಒಂದು ಸುತ್ತು. ಆ ಸುತ್ತಿನಲ್ಲಿ ಬರಬೇಕಾಗಿದ್ದ ಲಾಭ ಪರಿಹಾರದ ರೂಪದಲ್ಲಿ ಬಂತು, ಅಷ್ಟೆ.

ಇಲ್ಲಿ ಜನ ಸಾಮಾನ್ಯವಾಗಿ ಎಡವುವ ಜಾಗಗಳನ್ನು ಹೇಳಿಬಿಡಬೇಕು. ಒಂದೇ ಕಂತಿನಲ್ಲಿ ಬಂದರೆ ಬಂಡವಾಳ, ಕಂತು ಕಂತಾಗಿ ಬಂದರೆ ರಾಜಸ್ವ ಎಂಬ ನಂಬಿಕೆ ತಪ್ಪು. ಮೊತ್ತ ದೊಡ್ಡದಾದರೆ ಬಂಡವಾಳ ಎಂಬುದೂ ತಪ್ಪು. 'ಮೂರು ವರ್ಷದ ಲಾಭದ ಲೆಕ್ಕದಲ್ಲಿ ಕೊಟ್ಟಿದ್ದಾರೆ, ಅಂದಮೇಲೆ ಇದು ಲಾಭವೇ' ಎಂದು ಇಲಾಖೆಯವರು ಎಷ್ಟೋ ಸಲ ವಾದಿಸಿದ್ದಾರೆ. ಅದೂ ಒಂದೇ ನಿರ್ಣಾಯಕವಲ್ಲ. ಆಸ್ತಿಯ ಬೆಲೆ ಕಟ್ಟಬೇಕಾದರೂ ಅದು ವರ್ಷಕ್ಕೆ ಎಷ್ಟು ತರುತ್ತದೆ ಎಂದೇ ನೋಡುತ್ತೇವಲ್ಲ. ಹಾಗೆಯೇ ಕೊಟ್ಟವರು ತಮ್ಮ ಪುಸ್ತಕದಲ್ಲಿ ಅದನ್ನು ಯಾವ ಖಾತೆಗೆ ಹಾಕಿದರು ಎಂಬುದರಿಂದ ಪಡೆದವರ ಸ್ಥಿತಿ ತೀರ್ಮಾನವಾಗುವುದಿಲ್ಲ. ಕೊಟ್ಟವರ ಕೈಯಲ್ಲಿ ಖರ್ಚಾದದ್ದು ಪಡೆದವರ ಕೈಯಲ್ಲಿ ಬಂಡವಾಳವಾಗಬಹುದು. ಪತ್ರದ ತಲೆಬರಹದಲ್ಲಿ 'ಬಂಡವಾಳ ನಷ್ಟಕ್ಕೆ ಪರಿಹಾರ' ಎಂದು ಬರೆಸಿಕೊಂಡ ಮಾತ್ರಕ್ಕೂ ಹಣದ ಗುಣ ಬದಲಾಗದು.

ಪತ್ರದ ಒಳಗೆ ಏನು ಬರೆದಿದೆ ಎಂಬುದು ಮಾತ್ರ ನಿಜವಾಗಿ ಮುಖ್ಯವಾಗುತ್ತದೆ. ಮದ್ರಾಸಿನ ಬೆಸ್ಟ್ ಅಂಡ್ ಕಂಪನಿಯ ಪ್ರಕರಣದಲ್ಲಿ, 1966ರಲ್ಲಿ, ಇದು ಚೆನ್ನಾಗಿ ಹೊರಬಂತು. ಅದೂ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನವರ ಏಜೆನ್ಸಿಯೇ. ಏಜೆನ್ಸಿ ನಿಲ್ಲಿಸಿದಾಗ ಬಂದ ಹಣದ ಜೊತೆಗೆ ಒಂದು ಷರತ್ತಿತ್ತು: ಇಂತಿಷ್ಟು ವರ್ಷ ಅದೇ ಬಗೆಯ ಸರಕಿನ ಏಜೆನ್ಸಿಯನ್ನು ಬೇರೆಯವರಿಂದ ತೆಗೆದುಕೊಳ್ಳಬಾರದು. ಸುಪ್ರೀಂ ಕೋರ್ಟು ಹಣವನ್ನು ಎರಡಾಗಿ ಸೀಳಿತು. ಏಜೆನ್ಸಿ ಹೋದದ್ದಕ್ಕೆ ಬಂದ ಪಾಲು ರಾಜಸ್ವ. ಕೈಕಟ್ಟಿ ಕೂರಬೇಕಾದದ್ದಕ್ಕೆ ಬಂದ ಪಾಲು ಬಂಡವಾಳ, ಏಕೆಂದರೆ ಅಲ್ಲಿ ವ್ಯಾಪಾರಿ ಬಿಟ್ಟುಕೊಟ್ಟದ್ದು ದುಡಿಯುವ ಶಕ್ತಿಯನ್ನೇ.

ಈ ಸೀಳಿನಿಂದ ಒಂದು ದಾರಿ ತೆರೆಯಿತು. ಪರಿಹಾರವನ್ನು ಆದಷ್ಟು 'ಸ್ಪರ್ಧೆ ಮಾಡದಿರುವ ಶುಲ್ಕ' ಎಂದು ಬರೆಸಿಕೊಂಡರೆ ತೆರಿಗೆ ತಪ್ಪುತ್ತದೆ ಎಂದು ವ್ಯಾಪಾರಿಗಳು ಕಂಡುಕೊಂಡರು. ಈ ಸರಣಿಯ ಹೆಸರಾಂತ ಪ್ರಕರಣವೊಂದು ಕರ್ನಾಟಕ ಹೈಕೋರ್ಟಿನ ಮೂಲಕವೇ ಹೋಯಿತು. ಗಫಿಕ್ ಕೆಮ್ ಎಂಬ ಕಂಪನಿಗೆ ಔಷಧ ತಯಾರಕರಾದ ರ್‍ಯಾನ್‌ಬ್ಯಾಕ್ಸಿ ಸ್ಪರ್ಧೆಗೆ ಇಳಿಯದಿರಲು ₹50 ಲಕ್ಷ ಕೊಟ್ಟಿದ್ದರು. ಇಲ್ಲಿಯ ಹೈಕೋರ್ಟು ಅದು ರಾಜಸ್ವ ಎಂದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಲಿಸಿ ಬಂಡವಾಳ ಎಂದಿತು. ಆದರೆ ಜೊತೆಗೇ ಇನ್ನೊಂದು ಮಾತು ಹೇಳಿತು: ಇಂಥ ಶುಲ್ಕವನ್ನು ತೆರಿಗೆಗೆ ತರುವ ಸೆಕ್ಷನ್ 28(va) ಜಾರಿಗೆ ಬಂದದ್ದು 2003ರ ಏಪ್ರಿಲ್ 1ರಿಂದ, ಈ ಹಣ ಅದಕ್ಕೂ ಮುಂಚಿನದು. ಅಂದರೆ ಗೆದ್ದ ಕಂಪನಿ ಗೆದ್ದದ್ದು ಕಾಲದ ದಯೆಯಿಂದ. ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿತ್ತು.

ಹೀಗೆ ಬಾಗಿಲು ಮುಚ್ಚುವ ಕೆಲಸವನ್ನು ಸಂಸತ್ತು ಹಿಂದೆಯೇ ಶುರುಮಾಡಿತ್ತು. ಮ್ಯಾನೇಜಿಂಗ್ ಏಜೆನ್ಸಿಗೆ ಬರುವ ಪರಿಹಾರವನ್ನು 1955ರಲ್ಲೇ ಆದಾಯದ ಪಟ್ಟಿಗೆ ಸೇರಿಸಿದ್ದರು. ಕೆಟಲ್‌ವೆಲ್ ಬುಲ್ಲನ್‌ಗೆ ಅದು ತಟ್ಟಲಿಲ್ಲ, ಅದರ ಹಣ 1952ರ ವ್ಯವಹಾರದ್ದು. 1961ರ ಕಾಯ್ದೆಯ ಸೆಕ್ಷನ್ 28(ii) ಇದನ್ನೇ ಮುಂದುವರಿಸಿತು, ಭಾರತದಲ್ಲಿ ಇನ್ನೊಬ್ಬರ ಪರವಾಗಿ ಏಜೆನ್ಸಿ ಇಟ್ಟುಕೊಂಡವರೂ ಅದರೊಳಗಿದ್ದರು. ಆದರೂ ಒಂದು ದೊಡ್ಡ ಕಂಡಿ ಉಳಿದಿತ್ತು. ಏಜೆಂಟ್ ಎಂದರೆ ಇನ್ನೊಬ್ಬರ ಮಾಲನ್ನು ಅವರ ಪರವಾಗಿ ಮಾರಿಕೊಡುವವನು. ಕಂಪನಿಯಿಂದ ಮಾಲನ್ನು ತನ್ನ ದುಡ್ಡಿನಲ್ಲಿ ಕೊಂಡು, ತನ್ನ ಬಿಲ್ಲಿನಲ್ಲಿ ಮಾರುವ ವಿತರಕ ಅಥವಾ ಡೀಲರ್ ಕಾನೂನಿನ ಕಣ್ಣಿಗೆ ಏಜೆಂಟ್ ಅಲ್ಲ, ಬೋರ್ಡಿನ ಮೇಲೆ 'ಏಜೆನ್ಸೀಸ್' ಎಂದು ಬರೆಸಿದ್ದರೂ. ಫ್ರಾಂಚೈಸಿ ತೆಗೆದುಕೊಂಡವನು, ಜಾಬ್ ವರ್ಕ್ ಮಾಡಿಕೊಡುವವನು, ಹೋಟೆಲು ನಡೆಸಲು ಕರಾರು ಮಾಡಿಕೊಂಡವನು ಇವರೂ ಅಲ್ಲ. ಇವರ ಪ್ರತಿಯೊಂದು ಪರಿಹಾರವೂ 1964ರ ಆ ನಿಯಮದ ಕಟ್ಟೆಗೇ ಬರಬೇಕಿತ್ತು.

2018ರ ಹಣಕಾಸು ಕಾಯ್ದೆ ಈ ಕಂಡಿಗೆ ಮಣ್ಣು ತುಂಬಿತು. ಪರಿಹಾರದ ದೊಡ್ಡ ಪಾಲು ತೆರಿಗೆಯ ಬಲೆಗೆ ಸಿಗದೆ ಹೋಗುತ್ತಿದೆ ಎಂಬ ಕಾರಣ ಕೊಟ್ಟು, ಸೆಕ್ಷನ್ 28(ii)ಕ್ಕೆ (e) ಎಂಬ ಉಪಖಂಡವನ್ನು ಸೇರಿಸಿತು. ಯಾವುದೇ ವ್ಯಕ್ತಿಗೆ, ಅವನ ವ್ಯಾಪಾರಕ್ಕೆ ಸಂಬಂಧಿಸಿದ ಯಾವುದೇ ಒಪ್ಪಂದ ಕೊನೆಗೊಂಡದ್ದಕ್ಕೋ ಅದರ ಷರತ್ತುಗಳು ಬದಲಾದದ್ದಕ್ಕೋ ಸಂಬಂಧಪಟ್ಟಂತೆ ಬರುವ ಪರಿಹಾರ ವ್ಯಾಪಾರದ ಆದಾಯ ಎಂಬುದು ಅದರ ಸಾರಾಂಶ. 2019-20ರ ಕರನಿರ್ಧಾರಣೆ ವರ್ಷದಿಂದ ಇದು ಅನ್ವಯ. 'ಬದಲಾದದ್ದಕ್ಕೋ' ಎಂಬ ಮಾತನ್ನು ಗಮನಿಸಿ. ಒಪ್ಪಂದ ಉಳಿದು ಕಮಿಷನ್ ದರ ಮಾತ್ರ ಇಳಿದು, ಅದಕ್ಕೆ ಪರಿಹಾರ ಬಂದರೂ ಸಿಕ್ಕಿಬಿದ್ದಂತೆ. ಗೋದ್ರೆಜ್ ಕಂಪನಿಗೆ 1959ರಲ್ಲಿ ಇಂಥದೇ ₹7.5 ಲಕ್ಷವನ್ನು ಸುಪ್ರೀಂ ಕೋರ್ಟು ಬಂಡವಾಳ ಎಂದು ಬಿಟ್ಟುಕೊಟ್ಟಿತ್ತು. ಇಂದಾಗಿದ್ದರೆ ಬಿಡುತ್ತಿರಲಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ನಿನ ಸಂಖ್ಯೆಗಳು ಬೇರೆಯಾಗಿವೆ. ನಮ್ಮ ಆಡಿಟರುಗಳ ಬಾಯಲ್ಲಿ ಮಾತ್ರ ಇನ್ನೂ ಸ್ವಲ್ಪ ಕಾಲ ಹಳೆಯ ಇಪ್ಪತ್ತೆಂಟೇ ಇರುತ್ತದೆ.

ಇದು ಕೈಗೆ ಹತ್ತುವಂತಾಗಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಹುಬ್ಬಳ್ಳಿಯಲ್ಲಿ ಒಬ್ಬರು ಪಂಪ್‌ಸೆಟ್ ವಿತರಕರು. ಒಂದು ಕಂಪನಿಯ ಮಾಲನ್ನು ತಾವೇ ಕೊಂಡು ನಾಲ್ಕು ಜಿಲ್ಲೆಗಳಿಗೆ ಮಾರುತ್ತಾರೆ. ಒಪ್ಪಂದ ಇನ್ನೂ ಎರಡು ವರ್ಷ ಇರುವಾಗಲೇ ಕಂಪನಿ ತಾನೇ ನೇರವಾಗಿ ಮಾರಲು ತೀರ್ಮಾನಿಸಿ, ಒಟ್ಟು ₹61 ಲಕ್ಷ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತದೆ. ಅದರಲ್ಲಿ ₹5 ಲಕ್ಷ ಇವರು ಮೊದಲು ಇಟ್ಟಿದ್ದ ಭದ್ರತಾ ಠೇವಣಿ. ₹16 ಲಕ್ಷ ಗೋದಾಮಿನಲ್ಲಿ ಉಳಿದಿದ್ದ ಮಾಲನ್ನು ಕೊಂಡ ಬೆಲೆಗೇ ವಾಪಸು ಪಡೆದದ್ದಕ್ಕೆ. ₹30 ಲಕ್ಷ ಉಳಿದ ಎರಡು ವರ್ಷಗಳ ಮಾರ್ಜಿನ್ ಕಳೆದುಕೊಂಡದ್ದಕ್ಕೆ. ₹10 ಲಕ್ಷ ಮೂರು ವರ್ಷ ಬೇರೆ ಕಂಪನಿಯ ಪಂಪು ಮಾರಬಾರದು ಎಂಬ ಷರತ್ತಿಗೆ.

ಠೇವಣಿ ಅವರದೇ ದುಡ್ಡು, ಅದರ ಮೇಲೆ ಯಾವ ಕಾಲದಲ್ಲೂ ತೆರಿಗೆ ಇರಲಿಲ್ಲ. ಮಾಲಿನ ಹಣ ಎಂದಿನ ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ. ಕೊಂಡ ಬೆಲೆಗೇ ಹೋದದ್ದರಿಂದ ಲಾಭವಿಲ್ಲ. ತಕರಾರು ಇದ್ದದ್ದು ಉಳಿದ ನಲವತ್ತು ಲಕ್ಷದಲ್ಲಿ. ಇದೇ ಘಟನೆ 2000ನೇ ಇಸವಿಯಲ್ಲಿ ಆಗಿದ್ದರೆ ಹತ್ತು ಲಕ್ಷ ನಿಸ್ಸಂಶಯವಾಗಿ ಬಂಡವಾಳ. ಮೂವತ್ತು ಲಕ್ಷದ್ದು ಅವರ ವ್ಯಾಪಾರದ ಆಕಾರದ ಮೇಲೆ ಹೋಗುತ್ತಿತ್ತು. ಅವರ ಗೋದಾಮು, ರಿಪೇರಿ ಶೆಡ್ಡು, ಹುಡುಗರು, ಗಿರಾಕಿಗಳು ಬಹುಪಾಲು ಈ ಒಂದು ಕಂಪನಿಯ ಸುತ್ತಲೇ ಕಟ್ಟಿಕೊಂಡದ್ದಾಗಿದ್ದರೆ, ಮೂಲವೇ ಹೋಯಿತು ಎಂದು ವಾದಿಸಿ ಗೆಲ್ಲುವ ಅವಕಾಶ ಚೆನ್ನಾಗಿತ್ತು. ಪೈಪು, ಮೋಟರು, ಸ್ಪ್ರೇಯರ್ ಎಂದು ಹತ್ತು ಕಂಪನಿಗಳ ಮಾಲು ಇಟ್ಟು ಅದರಲ್ಲಿ ಇದೂ ಒಂದಾಗಿದ್ದರೆ, ಗಿಲ್ಯಾಂಡರ್ಸ್ ತೀರ್ಪು ಅಡ್ಡ ಬರುತ್ತಿತ್ತು.

ಇಂದು ಆ ವಾದಕ್ಕೆ ಇಳಿಯುವ ಪ್ರಮೇಯವೇ ಕಡಿಮೆ. ಮೂವತ್ತು ಲಕ್ಷ 28(ii)(e) ಅಡಿ, ಹತ್ತು ಲಕ್ಷ 28(va) ಅಡಿ ವ್ಯಾಪಾರದ ಆದಾಯ. ಅವರ ಉಳಿದ ವರಮಾನ ಈಗಾಗಲೇ ಶೇ 30ರ ಹಂತದಲ್ಲಿದ್ದರೆ ಈ ನಲವತ್ತು ಲಕ್ಷದ ಮೇಲೆ ₹12 ಲಕ್ಷ ತೆರಿಗೆ, ಅದರ ಮೇಲೆ ಶೇ 4ರ ಸೆಸ್ ₹48,000. ಒಟ್ಟು ಆದಾಯ ₹50 ಲಕ್ಷ ದಾಟಿದರೆ ಸರ್ಚಾರ್ಜ್ ಬೇರೆ. ಎರಡು ವರ್ಷದ ದುಡಿಮೆಯ ಬದಲಿ ಹಣ ಒಂದೇ ವರ್ಷದ ತಲೆಯ ಮೇಲೆ ಬಿದ್ದದ್ದು ಅನ್ಯಾಯವಲ್ಲವೇ ಎಂದು ಕೇಳಿದರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಇದನ್ನು ಹಂಚಿಕೊಳ್ಳಲು ಈ ಉಪಖಂಡ ದಾರಿ ಕೊಟ್ಟಿಲ್ಲ. ಒಂದು ಸಮಾಧಾನವಿದೆ: ವ್ಯಾಪಾರದ ಆದಾಯ ಎಂದಮೇಲೆ ಅದೇ ವ್ಯಾಪಾರದ ಖರ್ಚುಗಳನ್ನು, ಈ ವರ್ಷದ ನಷ್ಟವನ್ನು, ನಿಯಮದ ಪ್ರಕಾರ ಮುಂದೆ ತಂದ ಹಳೆಯ ನಷ್ಟವನ್ನು ಇದರಲ್ಲಿ ಕಳೆಯಬಹುದು. ಹುಡುಗರನ್ನು ಬಿಡಿಸುವಾಗ ಕೊಟ್ಟ ಹಣ, ವಕೀಲರ ಶುಲ್ಕ ಇವನ್ನು ಬಿಲ್ಲು ಸಮೇತ ಇಟ್ಟುಕೊಳ್ಳಬೇಕು.

ವರ್ಷದ ವಿಚಾರದಲ್ಲಿ ಇನ್ನೊಂದು ಬಲೆ ಇದೆ. ಸೆಕ್ಷನ್ ಹೇಳುವುದು 'ಬಂದ' ಹಣದ ಬಗ್ಗೆ ಮಾತ್ರವಲ್ಲ, 'ಬರಬೇಕಾದ' ಹಣದ ಬಗ್ಗೆಯೂ. ಮಾರ್ಚಿಯಲ್ಲಿ ಒಪ್ಪಂದಕ್ಕೆ ಸಹಿಯಾಗಿ ಹಕ್ಕು ಕುದುರಿ, ಚೆಕ್ಕು ಜೂನ್‌ನಲ್ಲಿ ಬಂದರೆ, ಹಿಂದಿನ ವರ್ಷದ ರಿಟರ್ನಿನಲ್ಲೇ ತೋರಿಸಬೇಕೆಂದು ಇಲಾಖೆ ಕೇಳಬಹುದು. ಪತ್ರದಲ್ಲಿ ಹಣ ಯಾವ ದಿನ ಸಲ್ಲತಕ್ಕದ್ದು, ಯಾವ ಷರತ್ತು ಪೂರೈಸಿದ ಮೇಲೆ ಸಲ್ಲತಕ್ಕದ್ದು ಎಂಬ ಸಾಲಿಗೆ ಆದ್ದರಿಂದಲೇ ಬೆಲೆ.

ಹಾಗಾದರೆ 1964ರ ತೀರ್ಪುಗಳು ಬರಿಯ ಇತಿಹಾಸವೇ? ಪೂರ್ತಿ ಅಲ್ಲ. 28(ii)(e) ಹಿಡಿಯುವುದು ವ್ಯಾಪಾರದ ಒಪ್ಪಂದ ಕೊನೆಯಾದಾಗ ಅಥವಾ ಬದಲಾದಾಗ ಬರುವ ಹಣವನ್ನು. ಒಪ್ಪಂದ ಹಾಗೇ ಇದ್ದು, ಯಂತ್ರ ತಡವಾಗಿ ಬಂದದ್ದಕ್ಕೆ ದಂಡ ಸಿಕ್ಕಿದರೆ ಅದು ಇದರೊಳಗೆ ಸುಲಭವಾಗಿ ಕೂರುವುದಿಲ್ಲ. ಸೌರಾಷ್ಟ್ರ ಸಿಮೆಂಟ್ ಪ್ರಕರಣದಲ್ಲಿ ಕಾರ್ಖಾನೆಯ ಯಂತ್ರ ಪೂರೈಕೆ ತಡವಾದದ್ದಕ್ಕೆ ಬಂದ ಹಣವನ್ನು ಸುಪ್ರೀಂ ಕೋರ್ಟು 2010ರಲ್ಲಿ ಬಂಡವಾಳ ಎಂದಿತು. ಯಂತ್ರವೇ ಲಾಭ ತರುವ ಸಾಧನ, ಅದು ಬರುವುದು ತಡವಾದದ್ದು ಆ ಸಾಧನಕ್ಕೆ ಬಿದ್ದ ಪೆಟ್ಟು ಎಂಬುದು ಅಲ್ಲಿನ ತರ್ಕ. ಆ ತರ್ಕ ಕೆಟಲ್‌ವೆಲ್ ಬುಲ್ಲನ್‌ನದೇ.

ಇನ್ನು ಒಪ್ಪಂದವನ್ನು ಮುರಿಯದೆ ಮೂರನೆಯವರಿಗೆ ವರ್ಗಾಯಿಸಿಕೊಟ್ಟರೆ? ನಮ್ಮ ಹುಬ್ಬಳ್ಳಿಯವರು ಕಂಪನಿಯ ಒಪ್ಪಿಗೆ ಪಡೆದು ತಮ್ಮ ಡೀಲರ್‌ಶಿಪ್ಪಿನ ಹಕ್ಕನ್ನು ಇನ್ನೊಬ್ಬ ವ್ಯಾಪಾರಿಗೆ ಮೂವತ್ತು ಲಕ್ಷಕ್ಕೆ ಬಿಟ್ಟುಕೊಟ್ಟರು ಎಂದುಕೊಳ್ಳಿ. ಆಗ ಪ್ರಶ್ನೆ ಬಂಡವಾಳ ಲಾಭದ ಅಧ್ಯಾಯಕ್ಕೆ ಹೋಗುತ್ತದೆ. ಅಲ್ಲಿ ಬಹುಕಾಲ ವ್ಯಾಪಾರಿಗಳನ್ನು ಕಾಯ್ದದ್ದು ಬೆಂಗಳೂರಿನ ಒಂದು ಅಗರಬತ್ತಿ ಸಂಸ್ಥೆಯ ಮೊಕದ್ದಮೆ. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ ಎಂದು ಅದು ದೇಶಕ್ಕೆಲ್ಲ ಗೊತ್ತು. ಪಾಲುದಾರಿಕೆ ವಿಸರ್ಜನೆಯಾದಾಗ ಅಂಗಡಿಯ ಹೆಸರು, ಗಿರಾಕಿಗಳ ವಿಶ್ವಾಸ ಎಲ್ಲ ಸೇರಿದ ಗುಡ್‌ವಿಲ್‌ಗೆ ₹1.5 ಲಕ್ಷ ಬೆಲೆ ಕಟ್ಟಿ ಹೊಸ ಸಂಸ್ಥೆಗೆ ಕೊಟ್ಟಿದ್ದರು. ಲಾಭ ಎಷ್ಟು ಎಂದು ತಿಳಿಯಬೇಕಾದರೆ ಕೊಂಡ ಬೆಲೆ ಗೊತ್ತಿರಬೇಕು, ತಾನಾಗಿ ಬೆಳೆದು ಬಂದ ಗುಡ್‌ವಿಲ್‌ಗೆ ಕೊಂಡ ಬೆಲೆಯೇ ಇಲ್ಲ, ಆದ್ದರಿಂದ ತೆರಿಗೆಯ ಲೆಕ್ಕವೇ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು 1981ರಲ್ಲಿ ಹೇಳಿತು. ಈ ಆಸರೆಯನ್ನೂ ಸಂಸತ್ತು ತುಂಡು ತುಂಡಾಗಿ ಕಿತ್ತುಕೊಂಡಿತು. ಮೊದಲು ಗುಡ್‌ವಿಲ್‌ಗೆ, ಆಮೇಲೆ ಒಂದೊಂದೇ ಹಕ್ಕಿಗೆ, ಕೊನೆಗೆ 2023ರ ಹಣಕಾಸು ಕಾಯ್ದೆಯಲ್ಲಿ ದುಡ್ಡು ಕೊಡದೆ ಬಂದ ಯಾವುದೇ ಹಕ್ಕಿಗೆ, ಕೊಂಡ ಬೆಲೆ ಸೊನ್ನೆ ಎಂದು ಬರೆದುಬಿಟ್ಟಿತು. ಈಗ ಬಂದದ್ದೆಲ್ಲವೂ ಲಾಭ.

ಆದರೂ ದರದಲ್ಲಿ ಅಂತರ ಉಳಿದಿದೆ. ಎರಡು ವರ್ಷ ಮೀರಿ ಕೈಯಲ್ಲಿದ್ದ ಹಕ್ಕಿನ ವರ್ಗಾವಣೆಗೆ ಶೇ 12.5 ತೆರಿಗೆ, ಮುರಿದ ಒಪ್ಪಂದದ ಪರಿಹಾರಕ್ಕೆ ಮೇಲಿನ ಹಂತದವರಿಗೆ ಶೇ 30. ಮೂವತ್ತು ಲಕ್ಷಕ್ಕೆ ಸೆಸ್ ಬಿಟ್ಟರೆ ಒಂದು ಕಡೆ ₹3.75 ಲಕ್ಷ, ಇನ್ನೊಂದು ಕಡೆ ₹9 ಲಕ್ಷ. ಇಷ್ಟು ಅಂತರ ಇರುವವರೆಗೆ ಮುರಿತವನ್ನೇ ವರ್ಗಾವಣೆ ಎಂದು ತೋರಿಸುವ ಕಾಗದಗಳು ಹುಟ್ಟುತ್ತಲೇ ಇರುತ್ತವೆ. ಅಧಿಕಾರಿ ಆಗ ನೋಡುವುದು ಹಕ್ಕು ನಿಜವಾಗಿ ಯಾರ ಕೈಗೆ ಹೋಯಿತು ಎಂಬುದನ್ನು. ಹೊಸ ಡೀಲರ್ ಹೆಸರಿನಲ್ಲಿ ಕಂಪನಿ ಹಳೆಯ ಒಪ್ಪಂದವನ್ನೇ ಮುಂದುವರಿಸಿದೆಯೇ, ಅವನ ಖಾತೆಯಿಂದಲೇ ಹಣ ಬಂದಿದೆಯೇ, ಅಥವಾ ಒಂದು ಒಪ್ಪಂದ ಸತ್ತು ಅದೇ ವಾರ ಇನ್ನೊಂದು ಹುಟ್ಟಿ, ಹಣ ಕಂಪನಿಯ ಕಡೆಯಿಂದ ಬಂದಿದೆಯೇ? ಎರಡನೆಯದಾಗಿದ್ದರೆ ಕಾಗದದಲ್ಲಿ ಏನೇ ಇರಲಿ, ಲೆಕ್ಕ ಇಪ್ಪತ್ತೆಂಟಕ್ಕೇ ಬರುತ್ತದೆ.